ಒಂದೇ ಹರಿವಾಣದ ಎಣ್ಣೆಗಾಯಿ: ಯಾರ ಪಾಲಿಗೆ ಎಷ್ಟು ಮ್ಯಾಕ್ರೊ?

ಒಬ್ಬರೇ ಕೂತು ಉಣ್ಣುವಾಗ ಮ್ಯಾಕ್ರೊ ಲೆಕ್ಕ, ಅಂದರೆ ಪ್ರೋಟೀನ್, ಕೊಬ್ಬು, ಕಾರ್ಬೊಹೈಡ್ರೇಟ್ ಅಥವಾ ಕಾರ್ಬ್ ಎಷ್ಟೆಷ್ಟು ಅನ್ನುವ ಲೆಕ್ಕ, ಕಷ್ಟವಲ್ಲ. ತಟ್ಟೆಯನ್ನು ತಕ್ಕಡಿ ಮೇಲಿಟ್ಟರೆ ಅರ್ಧ ಕೆಲಸ ಮುಗಿಯಿತು. ಆದರೆ ದಾವಣಗೆರೆ ಕಡೆಯ ನಮ್ಮಂಥ ಮನೆಗಳಲ್ಲಿ ರಾತ್ರಿ ಊಟಕ್ಕೆ ನಡುವೆ ಒಂದು ಹರಿವಾಣ ಇಡುತ್ತಾರೆ, ಅದರ ತುಂಬ ಬದನೆಕಾಯಿ ಎಣ್ಣೆಗಾಯಿ. ಸುತ್ತ ಕೂತವರು ರೊಟ್ಟಿ ಮುರಿದು ಅದರಲ್ಲೇ ನಂಚಿಕೊಂಡು ತಿನ್ನುತ್ತಾರೆ. ಯಾರ ಹೊಟ್ಟೆಗೆ ಎಷ್ಟು ಹೋಯಿತು? ನಾಲ್ಕು ಜನ ಅಂತ ನಾಲ್ಕರಿಂದ ಭಾಗಿಸಿದರೆ ಲೆಕ್ಕ ಚೊಕ್ಕವಾಗಿ ಕಾಣುತ್ತದೆ, ಆದರೆ ಸರಿ ಇರುವುದಿಲ್ಲ. ಒಂದು ರಾತ್ರಿಯ ಊಟ ಹಿಡಿದು ಇದನ್ನು ಬಿಡಿಸೋಣ.

ಮೊದಲು ಇಡೀ ಪಾತ್ರೆಯ ಲೆಕ್ಕ. ಇದನ್ನು ಹಸಿ ಸಾಮಾನಿನಿಂದಲೇ ಮಾಡಬೇಕು. ಸಣ್ಣ ಬದನೆಕಾಯಿ 12, ತೂಕ 500 ಗ್ರಾಂ. ಹುರಿದ ಶೇಂಗಾ 100 ಗ್ರಾಂ, ಒಣಕೊಬ್ಬರಿ 25, ಎಳ್ಳು 15, ಈರುಳ್ಳಿ 150, ಬೆಲ್ಲ 10, ಎಣ್ಣೆ 60 ಗ್ರಾಂ. ಹುಣಸೆ, ಖಾರದಪುಡಿ, ಮಸಾಲೆಪುಡಿ ಚೂರು ಚೂರು, ಅವನ್ನು ಬಿಟ್ಟರೂ ನಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಪಟ್ಟಿ ಇಟ್ಟುಕೊಂಡು ಕೂಡಿದರೆ ಇಡೀ ಪಾತ್ರೆಯಲ್ಲಿ ಸುಮಾರು 38 ಗ್ರಾಂ ಪ್ರೋಟೀನ್, 124 ಗ್ರಾಂ ಕೊಬ್ಬು, 61 ಗ್ರಾಂ ಕಾರ್ಬ್ ಬರುತ್ತದೆ. ಕ್ಯಾಲೊರಿ 1500ರ ಆಸುಪಾಸು. ಒಂದು ಎಚ್ಚರ: ಈ ಪಟ್ಟಿಯಲ್ಲಿ ಕಾರ್ಬ್ ಅಂದರೆ ನಾರು ಕಳೆದು ಉಳಿದದ್ದು. ಅಮೆರಿಕದ ಪಟ್ಟಿಯಲ್ಲಿ ನಾರೂ ಸೇರಿರುತ್ತದೆ. ಅರ್ಧ ಸಾಮಾನು ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದರೆ ಕಾಳುಕಡಿ ಇರುವ ಅಡುಗೆಯಲ್ಲಿ ಕಾರ್ಬ್ ತುಂಬಾ ಏರುಪೇರಾಗುತ್ತದೆ. ಒಂದೇ ಪಟ್ಟಿ ಹಿಡಿಯಿರಿ.

ರೊಟ್ಟಿಯ ಲೆಕ್ಕ ಸುಲಭ. ರೊಟ್ಟಿ ತೂಗಬೇಡಿ, ಅದರಲ್ಲಿ ನೀರು ಒಂದೊಂದು ದಿನ ಒಂದೊಂದು ತರಹ ಇರುತ್ತದೆ. ಹಿಟ್ಟಿನ ಡಬ್ಬಿಯನ್ನು ಮೊದಲೊಮ್ಮೆ, ರೊಟ್ಟಿ ಎಲ್ಲ ಆದಮೇಲೊಮ್ಮೆ ತೂಗಿ. ತಟ್ಟುವಾಗ ಉದುರಿಸಿಕೊಂಡ ಹಿಟ್ಟೂ ಇದರಲ್ಲೇ ಸೇರುತ್ತದೆ. 600 ಗ್ರಾಂ ಜೋಳದ ಹಿಟ್ಟು ಖರ್ಚಾಗಿ 12 ರೊಟ್ಟಿ ಆದರೆ ಒಂದಕ್ಕೆ 50 ಗ್ರಾಂ ಹಿಟ್ಟು. ಅಂದರೆ 5 ಗ್ರಾಂ ಪ್ರೋಟೀನ್, 1 ಗ್ರಾಂ ಕೊಬ್ಬು, 34 ಗ್ರಾಂ ಕಾರ್ಬ್.

ಇನ್ನು ಹರಿವಾಣಕ್ಕೆ ಬರೋಣ, ತೊಡಕೆಲ್ಲ ಇಲ್ಲೇ ಇರುವುದು. ಎಲ್ಲರಿಗೂ ಮೊದಲು ಹೊಳೆಯುವ ದಾರಿ ಕಾಯಿ ಎಣಿಸುವುದು. ನಾನು ಮೂರು ಬದನೆಕಾಯಿ ತಿಂದೆ, ಹನ್ನೆರಡರಲ್ಲಿ ಮೂರು, ಹಾಗಾಗಿ ನನ್ನದು ಕಾಲುಭಾಗ. ಇದು ತಪ್ಪು. ಏಕೆಂದರೆ ಈ ಅಡುಗೆಯ ಸತ್ವ ಕಾಯಲ್ಲಿಲ್ಲ, ಗ್ರೇವಿಯಲ್ಲಿದೆ. 500 ಗ್ರಾಂ ಬದನೆಕಾಯಲ್ಲಿ ಬರೀ 7 ಗ್ರಾಂ ಪ್ರೋಟೀನ್, 2 ಗ್ರಾಂ ಕೊಬ್ಬು, 18 ಗ್ರಾಂ ಕಾರ್ಬ್. ಮಿಕ್ಕ 122 ಗ್ರಾಂ ಕೊಬ್ಬು ಶೇಂಗಾ, ಕೊಬ್ಬರಿ, ಎಳ್ಳು, ಎಣ್ಣೆ ಸೇರಿದ ಮಸಾಲೆಯದು.

ಇದನ್ನು ಅಳೆದು ನೋಡಬಹುದು. ಖಾಲಿ ಪಾತ್ರೆ ತೂಗಿಟ್ಟುಕೊಂಡಿದ್ದರೆ ಬೆಂದ ಎಣ್ಣೆಗಾಯಿಯ ತೂಕ ಸಿಗುತ್ತದೆ, ಇಲ್ಲಿ 980 ಗ್ರಾಂ ಅಂತಿಟ್ಟುಕೊಳ್ಳಿ. ಒಂದು ಕಾಯಿ ಎತ್ತಿ ಗ್ರೇವಿ ಜಾಡಿಸಿ ತೂಗಿದರೆ 45 ಗ್ರಾಂ. ಅದನ್ನು ಬಿಡಿಸಿ ಒಳಗಿನ ತುಂಬು ಮಸಾಲೆ ಕೆರೆದು ತೂಗಿದರೆ 10 ಗ್ರಾಂ, ಮಿಕ್ಕ 35 ಗ್ರಾಂ ಬದನೆಯ ತಿರುಳು. ಹೀಗೆ 12 ಕಾಯಿ ಸೇರಿ 540 ಗ್ರಾಂ, ಹೊರಗಿನ ಗ್ರೇವಿ 440 ಗ್ರಾಂ. ಒಳಗಿನದು, ಹೊರಗಿನದು ಕೂಡಿ ಒಟ್ಟು ಮಸಾಲೆ 560 ಗ್ರಾಂ. ಈ ಮಸಾಲೆಯ 100 ಗ್ರಾಂನಲ್ಲಿ 5.5 ಗ್ರಾಂ ಪ್ರೋಟೀನ್, 22 ಗ್ರಾಂ ಕೊಬ್ಬು, 7.7 ಗ್ರಾಂ ಕಾರ್ಬ್, ಸುಮಾರು 250 ಕ್ಯಾಲೊರಿ. ಈಗ ಹೋಲಿಸಿ: ತುಂಬಿದ ಒಂದು ಕಾಯಿಗೆ ಹೆಚ್ಚೆಂದರೆ 35 ಕ್ಯಾಲೊರಿ. ಹೊರಗಿನ ಗ್ರೇವಿಗೆ ಒಟ್ಟು 1100. ಅಂದರೆ ಹತ್ತರಲ್ಲಿ ಏಳು ಪಾಲು ಗ್ರೇವಿಯಲ್ಲೇ ಕೂತಿದೆ. ಕಾಯಿ ಮುಟ್ಟದೆ ರೊಟ್ಟಿಯಲ್ಲಿ ಗ್ರೇವಿ ಬಳಿದುಕೊಂಡು ತಿಂದವರೇ ಜಾಸ್ತಿ ಉಂಡವರು.

ಹಾಗಾದರೆ ಗ್ರೇವಿಯನ್ನು ಹಂಚುವುದು ಹೇಗೆ? ಗ್ರೇವಿ ರೊಟ್ಟಿಯ ಜೊತೆಗೇ ಬಾಯಿಗೆ ಹೋಗುವುದು, ಹಾಗಾಗಿ ರೊಟ್ಟಿಯ ಲೆಕ್ಕದಲ್ಲಿ ಹಂಚಬಹುದು. ಇದು ಎರಡನೇ ದಾರಿ, ಮೊದಲನೆಯದಕ್ಕಿಂತ ಎಷ್ಟೋ ವಾಸಿ. ಆದರೆ ಎಲ್ಲರೂ ಒಂದೇ ತರಹ ನಂಚಿಕೊಳ್ಳುವುದಿಲ್ಲ, ಅಲ್ವಾ? ನಮ್ಮವ್ವ ರೊಟ್ಟಿ ಚೂರಿನ ತುದಿಗೆ ಮಾತ್ರ ಸೋಕಿಸುತ್ತಾರೆ. ತಮ್ಮ ಅದೇ ಚೂರನ್ನು ದೊನ್ನೆಯ ಹಾಗೆ ಮಡಿಸಿ ತುಂಬಿಕೊಂಡು ಬಾಯಿಗಿಡುತ್ತಾನೆ. ಆ ವ್ಯತ್ಯಾಸ ಲೆಕ್ಕಕ್ಕೆ ಬರಬೇಕು.

ಅದಕ್ಕೆ ಪ್ರತಿಯೊಬ್ಬರ ನಂಚಿಕೊಳ್ಳುವ ಅಳತೆ ಬೇಕು, ಅಂದರೆ ಒಂದು ರೊಟ್ಟಿಗೆ ಎಷ್ಟು ಗ್ರಾಂ ಗ್ರೇವಿ ಅನ್ನುವುದು. ಒಂದು ರಾತ್ರಿ ಗ್ರೇವಿಯನ್ನು ಎಲ್ಲರಿಗೂ ಬೇರೆ ಬೇರೆ ಬಟ್ಟಲಲ್ಲಿ ಕೊಡಿ. ಊಟಕ್ಕೆ ಮೊದಲು, ಆಮೇಲೆ ಬಟ್ಟಲು ತೂಗಿ, ತಿಂದ ರೊಟ್ಟಿಯಿಂದ ಭಾಗಿಸಿ. ಬಟ್ಟಲಿಗೆ ಧಾರಾಳವಾಗಿ ಹಾಕಿರಬೇಕು. ಖಾಲಿಯಾಗಿಬಿಟ್ಟರೆ ನೀವು ಅಳೆದದ್ದು ಬಟ್ಟಲಿನ ಗಾತ್ರ, ತಿನ್ನುವವರ ರೂಢಿ ಅಲ್ಲ. ತೂಗುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಕೆಲವರು ಕಡಿಮೆ ನಂಚಿಕೊಳ್ಳುತ್ತಾರೆ, ಆದ್ದರಿಂದ ಬೇರೆ ಬೇರೆ ದಿನ ಇನ್ನೊಂದೆರಡು ಸಲ ಮಾಡಿ ಸರಾಸರಿ ತೆಗೆಯುವುದು ಒಳ್ಳೆಯದು. ನಮ್ಮ ಉದಾಹರಣೆಗೆ ಅಪ್ಪನದು 30 ಗ್ರಾಂ, ಅವ್ವನದು 25, ನನ್ನದು 30, ತಮ್ಮನದು 50 ಅಂತಿಟ್ಟುಕೊಳ್ಳೋಣ.

ಈಗ ಹರಿವಾಣದ ರಾತ್ರಿ. ಅಪ್ಪ 4 ರೊಟ್ಟಿ, ಅವ್ವ 2, ನಾನು 3, ತಮ್ಮ 3. ಅಳತೆಯಿಂದ ಗುಣಿಸಿದರೆ ಗ್ರೇವಿ ಕ್ರಮವಾಗಿ 120, 50, 90, 150 ಗ್ರಾಂ, ಕೂಡಿದರೆ 410. ಇದು ಅಂದಾಜು. ನಿಜವಾಗಿ ಎಷ್ಟು ಹೋಯಿತು ಅನ್ನುವುದನ್ನು ಹರಿವಾಣವೇ ಹೇಳುತ್ತದೆ. ಖಾಲಿ ಹರಿವಾಣ 820 ಗ್ರಾಂ, ಊಟ ಮುಗಿದಾಗ 925. ಮಿಕ್ಕಿದ್ದು 105 ಗ್ರಾಂ. ಅದರಲ್ಲಿ ಒಂದು ಕಾಯಿ 45 ಗ್ರಾಂ, ಗ್ರೇವಿ 60. ಅಂದರೆ 440ರಲ್ಲಿ 380 ಗ್ರಾಂ ಗ್ರೇವಿ ಖರ್ಚಾಗಿದೆ, 410 ಅಲ್ಲ. ಎಲ್ಲರ ಅಂದಾಜನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು:

ಒಬ್ಬರ ಪಾಲು = ಅವರ ಅಂದಾಜು × (ಖರ್ಚಾದ ಗ್ರೇವಿ ÷ ಎಲ್ಲರ ಅಂದಾಜಿನ ಮೊತ್ತ)

ದಶಾಂಶ ಬಿಟ್ಟು ಹೇಳಿದರೆ ಅಪ್ಪನಿಗೆ 111, ಅವ್ವನಿಗೆ 46, ನನಗೆ 83, ತಮ್ಮನಿಗೆ 139 ಗ್ರಾಂ. ನನ್ನ ಪ್ರಕಾರ ಇಡೀ ವಿಧಾನದಲ್ಲಿ ಬಿಡಬಾರದ ಹೆಜ್ಜೆ ಇದೇ. ಎಲ್ಲರ ಪಾಲು ಕೂಡಿದರೆ ಖರ್ಚಾದಷ್ಟೇ ಆಗಬೇಕು. ಒಬ್ಬೊಬ್ಬರೂ ತಮ್ಮ ಪಾಲನ್ನು ತಾವೇ ಕಣ್ಣಂದಾಜಿನಲ್ಲಿ ಬರೆದುಕೊಂಡರೆ ಸಾಮಾನ್ಯವಾಗಿ ಎಲ್ಲರೂ ಕಡಿಮೆಯೇ ಬರೆಯುತ್ತಾರೆ, ಒಂದಿಷ್ಟು ಎಣ್ಣೆ ಯಾರ ಲೆಕ್ಕಕ್ಕೂ ಸೇರದೆ ಹೋಗುತ್ತದೆ. ಅಂದಾಜಿನ ಮೊತ್ತಕ್ಕೂ ಖರ್ಚಿಗೂ ತುಂಬಾ ಅಂತರ ಬಂತು ಅಂದರೆ ರೊಟ್ಟಿ ಎಣಿಸುವುದರಲ್ಲಿ ತಪ್ಪಾಗಿದೆ, ಇಲ್ಲವೇ ಅವತ್ತು ಗ್ರೇವಿ ತೀರಾ ಗಟ್ಟಿ ಅಥವಾ ತೆಳು ಆಗಿದೆ.

ನನ್ನ ಪಾಲು ಕೂಡಿ ನೋಡೋಣ. ಮೂರು ರೊಟ್ಟಿಯಿಂದ 15 ಗ್ರಾಂ ಪ್ರೋಟೀನ್, 3 ಕೊಬ್ಬು, 102 ಕಾರ್ಬ್. ಮೂರು ಬದನೆಕಾಯಿಂದ 3, 7, 7. ಗ್ರೇವಿಯಿಂದ 5, 18, 6. ಒಟ್ಟು 23 ಗ್ರಾಂ ಪ್ರೋಟೀನ್, 28 ಗ್ರಾಂ ಕೊಬ್ಬು, 115 ಗ್ರಾಂ ಕಾರ್ಬ್, ಸುಮಾರು 800 ಕ್ಯಾಲೊರಿ. ತಮ್ಮನೂ ಮೂರೇ ರೊಟ್ಟಿ ತಿಂದ, ಕಾಯಿ ನನಗಿಂತ ಒಂದು ಕಡಿಮೆ, ಎರಡೇ. ಆದರೂ ಅವನ ಕೊಬ್ಬು 38 ಗ್ರಾಂ. ಬರೀ ರೊಟ್ಟಿ ಲೆಕ್ಕದಲ್ಲಿ ಗ್ರೇವಿ ಹಂಚಿದ್ದರೆ ಅವನಿಗೆ 95 ಗ್ರಾಂ ಗ್ರೇವಿ ಬಂದು, ಹತ್ತಿರ ಹತ್ತಿರ 10 ಗ್ರಾಂ ಕೊಬ್ಬು ಬೇರೆಯವರ ಹೆಸರಿಗೆ ಹೋಗುತ್ತಿತ್ತು.

ಇಷ್ಟೆಲ್ಲ ಲೆಕ್ಕ ಎಲ್ಲರಿಗೂ ಬೇಕಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದು ಕಾರ್ಬ್ ಮಾತ್ರ ನೋಡಬೇಕು ಅಂದುಕೊಳ್ಳಿ. ನಾಲ್ಕು ರೊಟ್ಟಿಯ ಕಾರ್ಬ್ 136 ಗ್ರಾಂ, 111 ಗ್ರಾಂ ಗ್ರೇವಿಯದು 9 ಗ್ರಾಂಗಿಂತ ಕಡಿಮೆ. ಅವರಿಗೆ ರೊಟ್ಟಿ ಎಣಿಸಿದರೆ ಸಾಕು. ಪ್ರೋಟೀನ್ ನೋಡುವವರಿಗೂ ಹಾಗೇ, ಗ್ರೇವಿಯಲ್ಲಿ 20 ಗ್ರಾಂ ತಪ್ಪಿದರೆ ಪ್ರೋಟೀನ್ ಬರೀ 1 ಗ್ರಾಂ ತಪ್ಪುತ್ತದೆ. ಅದೇ 20 ಗ್ರಾಂನಲ್ಲಿ ಕೊಬ್ಬು 4 ಗ್ರಾಂಗೂ ಮೇಲೆ ಇರುತ್ತದೆ. ಕೊಬ್ಬು ಅಥವಾ ಒಟ್ಟು ಕ್ಯಾಲೊರಿ ಮೇಲೆ ಕಣ್ಣಿಟ್ಟವರು ಮಾತ್ರ ನಂಚಿಕೊಳ್ಳುವ ಅಳತೆಗೆ ಕೈ ಹಾಕಿ.

ಇನ್ನು ಲೆಕ್ಕ ಕೆಡುವ ಜಾಗಗಳು. ಎಲ್ಲಕ್ಕಿಂತ ದೊಡ್ಡದು ಎಣ್ಣೆ. ಎಣ್ಣೆಗಾಯಿ ಸ್ವಲ್ಪ ಹೊತ್ತು ಹಾಗೇ ಕೂತರೆ ಎಣ್ಣೆ ಮೇಲೆ ತೇಲುತ್ತದೆ. ಆಗ ಎಲ್ಲ ಗ್ರೇವಿಯೂ ಒಂದೇ ಅನ್ನುವ ನಮ್ಮ ನಂಬಿಕೆಯೇ ಮುರಿಯುತ್ತದೆ. ಹರಿವಾಣ ಒಂಚೂರು ವಾಲಿದ್ದರೂ ಎಣ್ಣೆ ಆ ಬದಿಗೆ ಹರಿದು, ಅಲ್ಲಿ ಕೂತವರ ರೊಟ್ಟಿಗೆ ಹತ್ತುತ್ತದೆ. ಅಂಚಿನಲ್ಲಿ ಕೆಂಪಗೆ ಎಣ್ಣೆ ಗೆರೆ ಕಂಡರೆ ಇದು ಆಗುತ್ತಿದೆ ಅಂತಲೇ ಅರ್ಥ. ಬಡಿಸುವ ಮುಂಚೆ ಪಾತ್ರೆಯಲ್ಲಿ ಚೆನ್ನಾಗಿ ಕದಡಿ ಸುರಿಯಿರಿ, ಊಟದ ನಡುವೆ ಇನ್ನೊಮ್ಮೆ ಸೌಟಾಡಿಸಿ. ಕಾಯಿಯೊಳಗಿನ ತುಂಬಿನಲ್ಲಿ ಎಣ್ಣೆ ಕಡಿಮೆಯೇ ಇರುತ್ತದೆ, ಹಾಗಾಗಿ ಗ್ರೇವಿಯ ನಿಜವಾದ ಕೊಬ್ಬು ನಮ್ಮ 22ಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ.

ಎರಡನೆಯದು ಆವಿ. ಅಗಲ ಹರಿವಾಣದಲ್ಲಿ ಬಿಸಿ ಗ್ರೇವಿ ಇಟ್ಟರೆ ನೀರು ಆರುತ್ತದೆ, ಯಾರೂ ತಿನ್ನದೆಯೇ ತೂಕ ಇಳಿಯುತ್ತದೆ. ಮಿಕ್ಕ ಗ್ರೇವಿ ಮೊದಲಿಗಿಂತ ಗಟ್ಟಿಯಾಗಿದ್ದರೆ ಅದರಲ್ಲಿ ಗ್ರಾಂಗೆ ಜಾಸ್ತಿ ಕೊಬ್ಬಿದೆ. ಸ್ವಲ್ಪ ಬಿಸಿ ಆರಿದ ಮೇಲೆ ಹರಿವಾಣಕ್ಕೆ ಹಾಕಿ ಆಗಲೇ ತೂಗಿದರೆ ಈ ತಪ್ಪು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಸುಡುವ ಪಾತ್ರೆಯನ್ನು ತಕ್ಕಡಿ ಮೇಲೆ ನೇರ ಇಡಬೇಡಿ, ಅಂಕಿ ಓಲಾಡುತ್ತದೆ. ಕೆಳಗೊಂದು ಮರದ ಮಣೆ ಇಟ್ಟು ಸೊನ್ನೆ ಮಾಡಿಕೊಳ್ಳಿ.

ಸಂಜೆಯ ಒಗ್ಗರಣೆ ಮಂಡಕ್ಕಿಗೂ ಇದೇ ತೊಂದರೆ ಇದೆ, ತಲೆಕೆಳಗಾಗಿ. ಅಲ್ಲಿ ಶೇಂಗಾ, ಪುಟಾಣಿ ಭಾರ, ಮಂಡಕ್ಕಿ ಹಗುರ. ಗುಡ್ಡೆ ಹಾಕಿ ಸುತ್ತ ಕೂತು ತಿಂದರೆ ಕಾಳೆಲ್ಲ ತಳಕ್ಕಿಳಿದು ಕೊನೆಗೆ ತಿಂದವರ ಪಾಲಾಗುತ್ತದೆ. ಮೆಣಸಿನಕಾಯಿ ಬಜ್ಜಿ ಎಣಿಸಬಹುದು, ಮಂಡಕ್ಕಿಯನ್ನು ಆಗಾಗ ಕೆಳಗಿಂದ ಮೇಲೆ ಮಾಡಿ ಸಮಪಾಲು ಅಂತ ಹಿಡಿಯುವುದೇ ಸರಿ.

ನೆಂಟರು ಬಂದರೆ? ಅವರನ್ನು ಬಟ್ಟಲು ಕೊಟ್ಟು ತೂಗಲು ಕೂರಿಸಬೇಡಿ. ಅವರ ರೊಟ್ಟಿ ಸುಮ್ನೆ ಎಣಿಸಿಕೊಂಡು, ರೊಟ್ಟಿಗೆ 30 ಗ್ರಾಂ ಅಂತ ಹಾಕಿ ಅದೇ ಸೂತ್ರಕ್ಕೆ ಸೇರಿಸಿ. ಅವರು ನಿಜವಾಗಿ 45 ಗ್ರಾಂನಂತೆ ನಂಚಿಕೊಂಡಿದ್ದರೆ ಆ ಹೆಚ್ಚುವರಿ ಮನೆಯವರೆಲ್ಲರ ಪಾಲಿಗೆ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ಅವತ್ತಿನ ಅಂಕಿಯ ಪಕ್ಕ ಒಂದು ಗುರುತು ಹಾಕಿಟ್ಟುಕೊಳ್ಳಿ, ವಾರದ ಸರಾಸರಿ ತೆಗೆಯುವಾಗ ಆ ರಾತ್ರಿಯನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ನೋಡಬಹುದು.