ಕಾಫಿ ಕಂಪನಿಯ ಲೆಕ್ಕ ಒಪ್ಪುವ ಮುಂಚೆ ಆಡಿಟರ್‌ಗೆ ಏನು ಕೇಳಬೇಕು?

ಪ್ರಶ್ನೆ: ವಿರಾಜಪೇಟೆ ಕಡೆಯ ಕಾಫಿ ಕಂಪನಿಯೊಂದರಲ್ಲಿ ಸ್ವತಂತ್ರ ನಿರ್ದೇಶಕನಾಗಿದ್ದೇನೆ. ಈ ವರ್ಷ ಆಡಿಟ್ ಕಮಿಟಿಗೆ ನನ್ನನ್ನೇ ಅಧ್ಯಕ್ಷ ಮಾಡಿದ್ದಾರೆ. ಮುಂದಿನ ವಾರ ವಾರ್ಷಿಕ ಲೆಕ್ಕ ನಮ್ಮ ಮುಂದೆ ಬರುತ್ತದೆ. ಹೊರಗಿನ ಆಡಿಟರ್‌ಗೆ ಏನು ಕೇಳಲಿ?

ಉತ್ತರ: ಮೊದಲು ಗೋಡೌನ್ ಬಗ್ಗೆ ಕೇಳಿ ಸರ್. ಮಾರ್ಚ್ 31ರ ಹೊತ್ತಿಗೆ ರೊಬಸ್ಟಾ ಕೊಯ್ಲು ಆಗಷ್ಟೇ ಮುಗಿದಿರುತ್ತದೆ. ಮಾಲು ಮಾರಾಟವಾಗಿರುವುದಿಲ್ಲ. ಹಾಗಾಗಿ ವರ್ಷದ ಲಾಭ ಎಷ್ಟು ಅನ್ನುವುದು ಆ ಚೀಲಗಳಿಗೆ ಬರೆದ ಬೆಲೆಯ ಮೇಲೆಯೇ ನಿಂತಿರುತ್ತದೆ.

"ಸ್ಟಾಕ್ ಸರಿ ಇತ್ತಾ?" ಎಂದು ಕೇಳಿದರೆ "ಇತ್ತು" ಅನ್ನುತ್ತಾರೆ, ಅಷ್ಟೇ. ಹೀಗೆ ಕೇಳಿ: "ಎಣಿಸುವಾಗ ನಿಮ್ಮವರು ಯಾರು ಇದ್ದರು, ಯಾವ ದಿನ? ಓಟಿ ನೋಡಲು ಚೀಲಗಳನ್ನು ಆರಿಸಿದ್ದು ಯಾರು, ನೀವಾ, ಗೋಡೌನ್ ರೈಟರಾ?"

ಈ ಎರಡನೆಯದು ಯಾಕೆ ಮುಖ್ಯ ಅಂದರೆ, ಚೀಲ ಎಣಿಸುವುದು ಸುಲಭ, ಒಳಗಿನ ಬೀಜ ಎಷ್ಟು ಅನ್ನುವುದು ಅಂದಾಜು. ಒಂದು ಚೀಲಕ್ಕೆ ಸಿಪ್ಪೆ ತೆಗೆದ ಕ್ಲೀನ್ ಕಾಫಿ ಎಷ್ಟು ಕೆಜಿ ಬರುತ್ತದೆ ಅನ್ನುವುದೇ ಓಟಿ. ಸಿಪ್ಪೆ ಸಮೇತ ಒಣಗಿಸಿದ ಚೆರಿ 2,000 ಚೀಲ ಇದೆ ಅಂದುಕೊಳ್ಳಿ, ಒಂದೊಂದು 50 ಕೆಜಿ. ಓಟಿ 28 ಎಂದು ಬರೆದರೆ 56,000 ಕೆಜಿ ಕ್ಲೀನ್ ಕಾಫಿ. ನಿಜವಾದ ಓಟಿ 26 ಆಗಿದ್ದರೆ 52,000. ಕೆಜಿಗೆ 300 ರೂಪಾಯಿ ಹಿಡಿದರೆ 12 ಲಕ್ಷ ಲಾಭ ಬರೀ ಕಾಗದದ ಮೇಲೆ. ಒಂದು ಚೀಲವೂ ಕಡಿಮೆ ಇಲ್ಲ! ಒಳ್ಳೆ ಲಾಟಿನ ನಾಲ್ಕು ಚೀಲ ಮುಂದಿಟ್ಟು ಸ್ಯಾಂಪಲ್ ಕೊಟ್ಟರೆ ಸಾಕು, ಹೀಗಾಗುತ್ತದೆ. ಕ್ಯೂರಿಂಗ್ ಆಗಿ ಸಿಪ್ಪೆ ತೆಗೆದ ಲಾಟುಗಳಲ್ಲಿ ನಿಜವಾಗಿ ಬಂದ ತೂಕವನ್ನು ಈ ಅಂದಾಜಿನ ಜೊತೆ ಹೋಲಿಸಿದ್ದೀರಾ ಎಂದೂ ಕೇಳಿ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಟ್ಟ ಮಾಲಿಗೆ ಅಲ್ಲಿಂದ ಖಾತರಿ ಪತ್ರ ಆಡಿಟರ್‌ಗೆ ನೇರವಾಗಿ ಬಂತಾ, ಕಂಪನಿಯ ಕೈಯಿಂದ ಬಂತಾ? ಇದನ್ನೂ ಬಿಡಬೇಡಿ.

ಆಮೇಲೆ ಈ ಪ್ರಶ್ನೆ: "ನೀವು ಕಂಡುಹಿಡಿದು, ಕಂಪನಿ ತಿದ್ದದೆ ಬಿಟ್ಟ ತಪ್ಪುಗಳ ಪಟ್ಟಿ ಕೊಡಿ." ಆಡಿಟರ್ ಒಂದು ಮೊತ್ತ ಹಾಕಿಕೊಂಡಿರುತ್ತಾರೆ. ಅದರೊಳಗಿನ ತಪ್ಪು ದೊಡ್ಡದಲ್ಲ ಅನ್ನುತ್ತಾರೆ. ಆ ಮೊತ್ತ 15 ಲಕ್ಷ ಇದ್ದರೆ ನಮ್ಮ 12 ಲಕ್ಷ ಸುಮ್ನೆ ಒಳಗೆ ಹೋಗುತ್ತದೆ. ಆದರೆ ಬಾಕಿ ಗೊಬ್ಬರದ ಬಿಲ್ 5 ಲಕ್ಷ ಬರೆಯದೆ ಬಿಟ್ಟಿದ್ದರೆ? ಎರಡೂ ಲಾಭವನ್ನು ಜಾಸ್ತಿ ತೋರಿಸುತ್ತವೆ. ಒಟ್ಟು 17 ಲಕ್ಷ, ಗೆರೆ ದಾಟಿತು. ಅದಕ್ಕೇ ಬಿಡಿಬಿಡಿಯಾಗಿ ನೋಡಬಾರದು, ಕೂಡಿಸಿ ನೋಡಬೇಕು. ಎಲ್ಲ ತಪ್ಪುಗಳೂ ಒಂದೇ ಕಡೆಗೆ ವಾಲಿದ್ದರೆ ನನಗಂತೂ ಅನುಮಾನ ಬರುತ್ತದೆ.

ಏಪ್ರಿಲ್ ನಂತರ ಮಾರಿದ ಲಾಟುಗಳ ಬೆಲೆಯನ್ನು ಮಾರ್ಚ್ ಬೆಲೆ ಜೊತೆ ಇಟ್ಟು ನೋಡಿದ್ದಾರಾ ಎಂದೂ ಒಂದು ಮಾತು ಕೇಳಿ.

ಕೊನೆಗೆ ಮ್ಯಾನೇಜರ್, ಅಕೌಂಟೆಂಟ್ ಎಲ್ಲರನ್ನೂ ಹತ್ತು ನಿಮಿಷ ಹೊರಗೆ ಕಳಿಸಿ. ಕಮಿಟಿಯ ಮುಂದೆ ಮಾತಾಡುವ ಹಕ್ಕು ಆಡಿಟರ್‌ಗೆ ಕಂಪನಿ ಕಾಯ್ದೆಯಲ್ಲೇ ಇದೆ, 177ನೇ ಕಲಂ. "ಯಾವ ಕಾಗದ ಕೇಳಿದಾಗ ಕೈಗೆ ಬರಲು ತಡವಾಯಿತು?" ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಉತ್ತರಗಳನ್ನು ಮಿನಿಟ್ಸ್‌ನಲ್ಲಿ ಬರೆಸಿ. ಯಾವುದಕ್ಕಾದರೂ "ನೋಡಿ ಹೇಳುತ್ತೇನೆ" ಎಂದರೆ, ನೋಡಿ ಹೇಳುವ ತನಕ ಬೋರ್ಡಿಗೆ ಶಿಫಾರಸು ಮಾಡಬೇಡಿ.