ಬರ್ನ್‌ಡೌನ್ ಗೆರೆ ಮಟ್ಟಸವಾಗಿ ಸಾಗಿ ಕೊನೆಯಲ್ಲಿ ಕುಸಿದರೆ

ಬರ್ನ್‌ಡೌನ್ ಚಾರ್ಟಿನಲ್ಲಿ ಅಡ್ಡಕ್ಕೆ ಸ್ಪ್ರಿಂಟಿನ, ಅಂದರೆ ತಂಡವು ಕೆಲಸಕ್ಕೆ ಗೊತ್ತುಮಾಡಿಕೊಂಡ ಅವಧಿಯ, ದಿನಗಳೂ ಲಂಬಕ್ಕೆ ಉಳಿದಿರುವ ಕೆಲಸವೂ ಇರುತ್ತವೆ. ಗೆರೆ ನಡುವೆ ಮೇಲೇರಿದರೆ ಹೊಸ ಕೆಲಸ ಸೇರಿದೆ ಅಥವಾ ಅಂದಾಜು ಹೆಚ್ಚಿದೆ ಎಂದು ತಿಳಿಯಬಹುದು; ಕೆಲಸ ದಿನವೂ ಸಮನಾಗಿ ಕರಗುವಂತೆ ಎಳೆದ ಆದರ್ಶ ಗೆರೆಯ ಮೇಲೆಯೇ ಚಾಚೂ ತಪ್ಪದೆ ಇಳಿದರೆ, ಅಂಕಿಗಳನ್ನು ಯಾರೋ ಹೊಂದಿಸುತ್ತಿದ್ದಾರೆಯೇ ಎಂದು ನಾನು ಮೊದಲು ಅನುಮಾನಿಸುತ್ತೇನೆ. ಹೆಚ್ಚು ತಪ್ಪಾಗಿ ಓದಲಾಗುವುದು ಮಾತ್ರ ಮಟ್ಟಸವಾಗಿ ಸಾಗಿ ಕೊನೆಯಲ್ಲಿ ಧುಮುಕುವ ಗೆರೆಯನ್ನು.

ಸ್ಟೋರಿ ಎಂದರೆ ತಂಡ ಕೈಗೆತ್ತಿಕೊಳ್ಳುವ ಕೆಲಸದ ಒಂದು ತುಂಡು, ಸ್ಟೋರಿ ಪಾಯಿಂಟ್ ಎಂದರೆ ಅದರ ಗಾತ್ರದ ಅಂದಾಜು. ಈ ಪಾಯಿಂಟ್‌ಗಳ ಚಾರ್ಟಿನಲ್ಲಿ ಅರ್ಧ ಮುಗಿದ ಸ್ಟೋರಿಗೆ ಅರ್ಧ ಅಂಕ ಸಿಗುವುದಿಲ್ಲ. ಅದು ಪೂರ್ತಿ ಮುಗಿದ ದಿನವಷ್ಟೇ ಗೆರೆ ಇಳಿಯುತ್ತದೆ. ಆದ್ದರಿಂದ ಮಟ್ಟಸ ಗೆರೆಯ ಅರ್ಥ ಕೆಲಸ ನಡೆದಿಲ್ಲವೆಂದಲ್ಲ, ಯಾವುದೂ ಮುಗಿದಿಲ್ಲವೆಂದು.

ಒಂದು ಉದಾಹರಣೆ ನೋಡೋಣ. ಹತ್ತು ಕೆಲಸದ ದಿನಗಳ ಸ್ಪ್ರಿಂಟಿನಲ್ಲಿ ತಲಾ 5 ಪಾಯಿಂಟ್‌ನ ಎಂಟು ಸ್ಟೋರಿಗಳಿವೆ, ನಾಲ್ವರು ಡೆವಲಪರ್‌ಗಳೂ ಒಬ್ಬ ಟೆಸ್ಟರ್ ಕೂಡ ಇದ್ದಾರೆ. ಡೆವಲಪರ್‌ಗಳು ಮೊದಲ ದಿನವೇ ತಲಾ ಎರಡು ಸ್ಟೋರಿ ಹಿಡಿದುಕೊಳ್ಳುತ್ತಾರೆ. ಆರನೆಯ ದಿನದ ಹೊತ್ತಿಗೆ ಆರು ಸ್ಟೋರಿಗಳ ಕೋಡ್ ಸಿದ್ಧವಾಗಿ ಬೋರ್ಡಿನ ಟೆಸ್ಟಿಂಗ್ ಕಾಲಂನಲ್ಲಿ ಕಾಯುತ್ತಿರುತ್ತದೆ, ಆದರೆ ಟೆಸ್ಟರ್ ಕೈಗೆ ಓಡಿಸಿ ನೋಡಬಹುದಾದ ಬಿಲ್ಡ್ ಸಿಗುವುದು ಏಳನೆಯ ದಿನ. ದಿನದ ಸ್ಟ್ಯಾಂಡ್‌ಅಪ್‌ನಲ್ಲಿ ಪ್ರತಿಯೊಬ್ಬರೂ "ನನ್ನದು ಆಯಿತು, ಟೆಸ್ಟಿಂಗ್‌ನಲ್ಲಿದೆ" ಎನ್ನುವಾಗಲೂ ಗೆರೆ 40ರಲ್ಲೇ ಇರುತ್ತದೆ. ಕೊನೆಯ ಎರಡು ದಿನಗಳಲ್ಲಿ ಆ ಆರು ಸ್ಟೋರಿಗಳು ಒಟ್ಟಿಗೆ ಮುಗಿದು ಗೆರೆ 10ಕ್ಕೆ ಕುಸಿಯುತ್ತದೆ. ತಡವಾಗಿ ಟೆಸ್ಟಿಂಗ್‌ಗೆ ಬಂದ ಉಳಿದೆರಡರಲ್ಲಿ ಕಂಡ ದೋಷಗಳನ್ನು ಸರಿಪಡಿಸಲು ಸಮಯವೇ ಇರುವುದಿಲ್ಲ. ನಾನು ನೋಡಿರುವ ಇಂಥ ಚಾರ್ಟುಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಈ ಟೆಸ್ಟಿಂಗ್ ಸರದಿಯೇ.

ಆದರೂ ಆಕಾರವನ್ನಷ್ಟೇ ನೋಡಿ ತೀರ್ಮಾನಿಸಬಾರದು. ತಂಡದ ಕೆಲಸಗಳ ಲೆಕ್ಕವಿಡುವ ತಂತ್ರಾಂಶ ಜಿರಾದ ಬರ್ನ್‌ಡೌನ್ ವರದಿಯಲ್ಲಿ ಚಾರ್ಟಿನ ಕೆಳಗೆ, ಯಾವ ಸ್ಟೋರಿ ಯಾವಾಗ ಮುಗಿಯಿತು, ಯಾವುದನ್ನು ಸ್ಪ್ರಿಂಟಿನಿಂದ ತೆಗೆಯಲಾಯಿತು ಎಂಬ ಪಟ್ಟಿಯಿರುತ್ತದೆ. ಸ್ಟೋರಿಗಳನ್ನು ತೆಗೆದುಹಾಕಿದ್ದರಿಂದ ಗೆರೆ ಇಳಿದಿದ್ದರೆ, ಅದು ಮುಗಿದ ಕೆಲಸವೇ ಅಲ್ಲ. ಎಲ್ಲವೂ ಸ್ಪ್ರಿಂಟಿನ ಕೊನೆಯ ರಿವ್ಯೂಗೆ ಮುಂಚಿನ ಕೆಲವೇ ನಿಮಿಷಗಳಲ್ಲಿ ಮುಗಿದಂತೆ ದಾಖಲಾಗಿದ್ದು, ಅವುಗಳ ಟೆಸ್ಟಿಂಗ್ ಹಿಂದಿನ ವಾರವೇ ಮುಗಿದಿದ್ದರೆ, ತಪ್ಪಿರುವುದು ಬೋರ್ಡ್ ಅಪ್‌ಡೇಟ್ ಮಾಡುವ ರೂಢಿ ಮಾತ್ರ.

ಸರದಿಯೇ ಕಾರಣವಾದರೆ ತಂಡವು ಒಮ್ಮೆಗೆ ಮೂರು ಸ್ಟೋರಿಗಳಿಗಿಂತ ಹೆಚ್ಚು ತೆರೆಯದಂತೆ ಮಿತಿ ಹಾಕಿ, ಪ್ರತಿದಿನ ಬಿಲ್ಡ್ ಕೊಟ್ಟು, ಬಿಡುವಾದ ಡೆವಲಪರ್‌ನನ್ನು ಟೆಸ್ಟಿಂಗ್‌ಗೆ ಹಚ್ಚುವುದು ಸರಿಯಾದ ದಾರಿ. ಉಳಿದ ಗಂಟೆಗಳನ್ನು ಎಣಿಸುವ ಚಾರ್ಟಿಗೆ ಬದಲಿಸಿಕೊಳ್ಳುವ ತಂಡಗಳೂ ಇವೆ. ಆಗ ಗೆರೆ ನಯವಾಗಿ ಇಳಿಯುತ್ತದೆ, ಟೆಸ್ಟಿಂಗ್ ಕಾಲಂನ ಸ್ಟೋರಿಗಳು ಮಾತ್ರ ಮೊದಲಿನಂತೆಯೇ ಕಾಯುತ್ತಿರುತ್ತವೆ.