ಸೋರುವ ವಾಲ್ವು, ಸಾಕಾಗದ ಟ್ಯಾಂಕು

ಮುಂಬೈಯಲ್ಲಿ ಹೀಟಿಂಗ್ ಲೈನ್ ನೋಡಿಕೊಳ್ಳುತ್ತೇನೆ ಎಂದರೆ ಊರಿನವರಿಗೆ ಅಚ್ಚರಿ. ವರ್ಷವಿಡೀ ಬೆವರುವ ಊರಿನಲ್ಲಿ ಬಿಸಿ ಯಾರಿಗೆ ಬೇಕು? ಆದರೆ ಮಳೆಗಾಲದಲ್ಲಿ ಆಪರೇಷನ್ ಥಿಯೇಟರಿನ ಗಾಳಿಯಿಂದ ತೇವ ತೆಗೆಯಬೇಕಾದರೆ ಅದನ್ನು ಮೊದಲು ಚೆನ್ನಾಗಿ ತಣಿಸಿ, ಆಮೇಲೆ ತುಸು ಬೆಚ್ಚಗೆ ಮಾಡಲೇಬೇಕು. ಹೋಟೆಲಿನ ಸ್ನಾನದ ನೀರು ಕಾಯಿಸುವುದಕ್ಕೂ ಇಂಥದೇ ಏರ್ಪಾಡು. ಎರಡಕ್ಕೂ ಬಾಯ್ಲರಿನಿಂದ ಹೊರಟು, ಮೇಲಿನ ಮಹಡಿ ಮುಟ್ಟಿ, ಮತ್ತೆ ಬಾಯ್ಲರಿಗೇ ಮರಳುವ ಮುಚ್ಚಿದ ಬಿಸಿನೀರಿನ ಲೈನ್ ಇರುತ್ತದೆ.

ನೀರು ಕಾದರೆ ಹಿಗ್ಗುತ್ತದೆ. ಹಿಗ್ಗಿದ ನೀರು ಎಲ್ಲಿಗೆ ಹೋಗಬೇಕು ಎಂಬ ಒಂದು ಪ್ರಶ್ನೆಯ ಸುತ್ತಲೇ ಇಷ್ಟು ವರ್ಷಗಳ ಗೊಂದಲ ಬೆಳೆದಿದೆ.

ಹಿಂದೆ ಉತ್ತರ ಸುಲಭವಿತ್ತು. ಟೆರೇಸಿನಲ್ಲಿ ತೆರೆದ ಟ್ಯಾಂಕ್ ಇಡುತ್ತಿದ್ದರು. ನೀರು ಹಿಗ್ಗಿದರೆ ಅದರಲ್ಲಿ ಮಟ್ಟ ಏರುತ್ತಿತ್ತು, ಆರಿದರೆ ಇಳಿಯುತ್ತಿತ್ತು. ಆದರೆ ತೆರೆದ ನೀರು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಕಬ್ಬಿಣದ ಪೈಪನ್ನು ಒಳಗಿಂದ ತಿನ್ನುತ್ತದೆ. ಹಾಗಾಗಿ ಮುಚ್ಚಿದ ಟ್ಯಾಂಕ್ ಬಂತು: ಒಳಗೊಂದು ರಬ್ಬರ್ ಬ್ಲಾಡರ್, ಅದರ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್. ಇದನ್ನು ಟೆರೇಸಿನಲ್ಲೇ ಇಡಬೇಕೆಂದಿಲ್ಲ, ಬಾಯ್ಲರಿನ ಪಕ್ಕದಲ್ಲೂ ಇಡಬಹುದು. ನಿರ್ವಹಣೆಗೆ ಅನುಕೂಲವೆಂದು ಎಷ್ಟೋ ಕಟ್ಟಡಗಳಲ್ಲಿ ಅದು ಬೇಸ್‌ಮೆಂಟಿಗೆ ಇಳಿಯಿತು. ಅಷ್ಟರಲ್ಲಿ 1991ರ ಅಭಿವೃದ್ಧಿ ನಿಯಮ, 2001ರ ತಿದ್ದುಪಡಿಗಳ ನಂತರ ಪರೇಲ್ ಕಡೆಯ ಗಿರಣಿ ಜಮೀನುಗಳಲ್ಲಿ ಟವರ್‌ಗಳು ಏಳತೊಡಗಿದವು. ಕಟ್ಟಡ ಎತ್ತರವಾಯಿತು, ಟ್ಯಾಂಕ್ ಆರಿಸುವ ಅಂದಾಜು ಮಾತ್ರ ನಾಲ್ಕೈದು ಮಹಡಿಯ ಕಾಲದ್ದೇ ಉಳಿಯಿತು.

ನಾನು ಹತ್ತಿರದಿಂದ ಕಂಡ ಒಂದು 22 ಮಹಡಿಯ ಕಟ್ಟಡದ ಕತೆ ಹೇಳುತ್ತೇನೆ. ಕುಂದಾಪುರ ಕಡೆಯ ಆಪರೇಟರ್ ಬೆಳಿಗ್ಗೆ ಫೋನ್ ಮಾಡಿ, "ಸಾರ್, ವಾಲ್ವ್ ಮತ್ತೆ ಸುರೀತಾ ಉಂಟು. ಬಕೆಟ್ ಇಟ್ಟಿದ್ದೇನೆ, ಅದೂ ತುಂಬಿತು" ಎಂದರು. ಒತ್ತಡ ಮಿತಿ ಮುಟ್ಟಿದರೆ ತಾನಾಗಿ ತೆರೆಯುವ ಬಾಯ್ಲರಿನ ಸೇಫ್ಟಿ ವಾಲ್ವನ್ನು ಅಷ್ಟರಲ್ಲಿ ಮೂರು ಸಲ ಬದಲಾಯಿಸಿ ಆಗಿತ್ತು. ಹೊಸದು ಹಾಕಿದ ವಾರಕ್ಕೇ ಮತ್ತೆ ಸೋರಿಕೆ.

ಬೇಸ್‌ಮೆಂಟಿನಿಂದ ಮೇಲಿನ ಪೈಪಿಗೆ 80 ಮೀಟರ್ ಎತ್ತರ. ಸುಮಾರು 10.2 ಮೀಟರ್ ನೀರಿಗೆ 1 ಬಾರ್ ಎಂಬ ಲೆಕ್ಕದಲ್ಲಿ, ಪಂಪ್ ನಿಂತಿದ್ದರೂ ಕೆಳಗೆ 7.8 ಬಾರ್ ಒತ್ತಡ ಇದ್ದೇ ಇರುತ್ತದೆ. ಮೇಲೆ ಪೈಪಿನೊಳಕ್ಕೆ ಗಾಳಿ ಎಳೆಯದಿರಲು ಅಲ್ಲಿ 0.6 ಬಾರ್ ಬೇಕೆಂದುಕೊಳ್ಳಿ, ಕೆಳಗೆ 8.4 ಆಯಿತು. ಬಾಯ್ಲರ್ ತಾಳುವುದು 10 ಬಾರ್, ಸೇಫ್ಟಿ ವಾಲ್ವ್ ತೆರೆಯುವುದೂ 10ಕ್ಕೇ. ವಾಲ್ವ್ ಬಿಗಿಯಾಗಿ ಕೂತಿರಬೇಕಾದರೆ ನೀರು ಪೂರ್ತಿ ಕಾದಾಗಲೂ ಒತ್ತಡ 9 ದಾಟಬಾರದು. ಅಂದರೆ ಹಿಗ್ಗುವ ನೀರಿಗೆ ಸಿಕ್ಕಿದ ಅವಕಾಶ 0.6 ಬಾರ್ ಮಾತ್ರ.

ಹಿಗ್ಗುವ ನೀರೆಷ್ಟು? ಲೈನನ್ನು ಖಾಲಿ ಮಾಡಿ ತುಂಬಿಸುವಾಗ ಮೀಟರ್ ನೋಡಿದೆವು, 4,000 ಲೀಟರ್ ಹಿಡಿಯಿತು. 28 ಡಿಗ್ರಿಯ ನೀರು 80 ಡಿಗ್ರಿಗೆ ಏರಿದರೆ ಶೇ. 2.5ರಷ್ಟು ಹಿಗ್ಗುತ್ತದೆ, ಅಂದರೆ 100 ಲೀಟರ್. ಅಲ್ಲಿದ್ದ ಟ್ಯಾಂಕ್ 300 ಲೀಟರಿನದು. ನೂರು ಲೀಟರಿಗೆ ಮುನ್ನೂರು ಧಾರಾಳ ಎಂದು ಯಾರಿಗಾದರೂ ಅನಿಸುತ್ತದೆ. ತಪ್ಪುವುದು ಇಲ್ಲೇ.

ಟ್ಯಾಂಕಿನ ಗಾಳಿ 1662ರಲ್ಲಿ ಬಾಯ್ಲ್ ಹೇಳಿದ ನಿಯಮದಂತೆ ನಡೆಯುತ್ತದೆ: ಒತ್ತಡ ಎಷ್ಟು ಪಾಲು ಏರುತ್ತದೋ ಜಾಗ ಅಷ್ಟು ಪಾಲು ಕುಗ್ಗುತ್ತದೆ. ಲೆಕ್ಕ ಹಾಕುವಾಗ ಗೇಜಿನ ಅಂಕಿಗೆ ವಾತಾವರಣದ 1 ಬಾರ್ ಸೇರಿಸಬೇಕು. 8.4 ಎಂಬುದು 9.4 ಆಗುತ್ತದೆ, 9 ಎಂಬುದು 10. ಹತ್ತರಲ್ಲಿ 0.6 ಎಂದರೆ ಟ್ಯಾಂಕಿನ ನೂರಕ್ಕೆ ಆರು ಭಾಗವಷ್ಟೇ ಹಿಗ್ಗಿದ ನೀರಿಗೆ ಸಿಗುತ್ತದೆ. ಮುನ್ನೂರು ಲೀಟರಿನ ಟ್ಯಾಂಕಿನಲ್ಲಿ ಅದು 18 ಲೀಟರ್. 100 ಲೀಟರ್ ಹಿಡಿಸಬೇಕಾದರೆ ಬೇಸ್‌ಮೆಂಟಿನಲ್ಲಿ ಸುಮಾರು 1,670 ಲೀಟರಿನ ಟ್ಯಾಂಕ್ ಬೇಕಿತ್ತು.

ನಿಜ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಟ್ಯಾಂಕನ್ನು ಲೈನಿನಿಂದ ಬೇರ್ಪಡಿಸಿ, ನೀರು ಪೂರ್ತಿ ಬಸಿದು (ಗಾಳಿ ಅಳೆಯುವ ಸರಿಯಾದ ಕ್ರಮ ಅದೊಂದೇ) ಗೇಜ್ ಹಚ್ಚಿದಾಗ ಗಾಳಿ 4 ಬಾರ್ ಮಾತ್ರ ಇತ್ತು. ಕಂಪನಿಯಿಂದ ಬಂದ ಗಾಳಿಯನ್ನು ಕಟ್ಟಡದ ಎತ್ತರಕ್ಕೆ ತಕ್ಕಂತೆ ಯಾರೂ ಏರಿಸಿರಲಿಲ್ಲ. ಹಾಗಾಗಿ ಬಾಯ್ಲರ್ ಹಚ್ಚುವ ಮೊದಲೇ, ತಣ್ಣೀರು ತುಂಬಿದಾಗಲೇ, ಟ್ಯಾಂಕಿನ ಹತ್ತಿರ ಹತ್ತಿರ ಅರ್ಧ ಭಾಗ ನೀರಾಗಿರುತ್ತಿತ್ತು. ಆಮೇಲೆ ವಾಲ್ವ್ ತೆರೆಯದೆ ಇನ್ನೇನು ಮಾಡೀತು?

ಸೋರಿಕೆಯ ನಷ್ಟ ಬಕೆಟಿನ ನೀರಷ್ಟೇ ಅಲ್ಲ. ರಾತ್ರಿ ಲೈನ್ ಆರಿದಾಗ ಅಷ್ಟೇ ಹೊಸ ನೀರು ತಾನಾಗಿ ಒಳಗೆ ಬರುತ್ತದೆ, ಜೊತೆಗೆ ಆಮ್ಲಜನಕವೂ. ಲೈನಿನ ಕಸ ಹಿಡಿಯುವ ಸ್ಟ್ರೈನರ್ ಬಿಚ್ಚಿದಾಗ ಅಂಗೈಗೆ ಕಪ್ಪು ಕೆಸರು ಮೆತ್ತಿಕೊಂಡಿತು. ತೆರೆದ ಟ್ಯಾಂಕನ್ನು ಯಾವ ಕಾರಣಕ್ಕೆ ಬಿಟ್ಟೆವೋ ಆ ತುಕ್ಕೇ ಹಿಂಬಾಗಿಲಿನಿಂದ ಬಂದಿತ್ತು.

ವಾಲ್ವಿನ ಸೆಟ್ಟಿಂಗನ್ನು 12ಕ್ಕೆ ಏರಿಸಿದರೆ ಮುಗಿಯಿತು ಎಂಬ ಸಲಹೆ ಬಂತು. ಲೆಕ್ಕದ ಪ್ರಕಾರ ಆಗ 500 ಲೀಟರಿನ ಟ್ಯಾಂಕ್ ಸಾಕಾಗುತ್ತದೆ, ನಿಜ. ಆದರೆ ಬಾಯ್ಲರಿನ ಮೈಮೇಲಿನ ಫಲಕದಲ್ಲಿ 10 ಬಾರ್ ಎಂದು ಕೊರೆದಿದೆ. ಬಾಯ್ಲರ್ 10ಕ್ಕಿಂತ ಹೆಚ್ಚು ತಾಳುವುದಾದರೆ ಮಾತ್ರ ಈ ದಾರಿ. ಸೋರುವ ವಾಲ್ವಿನ ಬಾಯಿ ಬಿಗಿದು ಸುಮ್ಮನಾಗುವುದನ್ನು ನಾನು ಒಪ್ಪಲಾರೆ.

ವಾಲ್ವಿನ ಗಾತ್ರದ ಲೆಕ್ಕವೇ ಬೇರೆ, ಅದನ್ನು ಹಿಗ್ಗುವ ನೀರಿನಿಂದ ಅಳೆಯಬಾರದು. 300 ಕಿಲೋವಾಟಿನ ಆ ಬಾಯ್ಲರ್ 4,000 ಲೀಟರನ್ನು ಕಾಯಿಸಲು ಮುಕ್ಕಾಲು ಗಂಟೆಗೂ ತುಸು ಹೆಚ್ಚು ಬೇಕು. ಹಿಗ್ಗುವ ನೀರು ನಿಮಿಷಕ್ಕೆ ಬರೀ 2 ಲೀಟರ್. ಆದರೆ ಥರ್ಮೋಸ್ಟಾಟ್ ಕೈಕೊಟ್ಟು ಬರ್ನರ್ ಆರದೇ ಹೋದರೆ ನೀರು ಕುದಿಯುತ್ತದೆ. ಆಗ ಗಂಟೆಗೆ ಸುಮಾರು 540 ಕಿಲೋ ಹಬೆ ಹೊರಹೋಗಬೇಕು. ವಾಲ್ವ್ ಅಷ್ಟನ್ನು ಬಿಡುವಂತಿರಬೇಕು, ಬಾಯ್ಲರಿಗೂ ಅದಕ್ಕೂ ನಡುವೆ ಬೇರೊಂದು ವಾಲ್ವ್ ಇರಕೂಡದು, ಅದರ ಹೊರಪೈಪನ್ನು ಸಣ್ಣದು ಮಾಡಕೂಡದು.

ಕೊನೆಗೆ ಟ್ಯಾಂಕನ್ನು ಟೆರೇಸಿಗೇ ಒಯ್ದೆವು. ಅಲ್ಲಿ ತಣ್ಣಗಿದ್ದಾಗ 0.6 ಬಾರ್, ಕಾದಾಗ 1.2. ಅವಕಾಶ ಅದೇ 0.6 ಬಾರ್, ಆದರೆ ಈಗ ಅದು ಹತ್ತರ ಪಾಲಲ್ಲ, 2.2ರ ಪಾಲು, ಅಂದರೆ ನೂರಕ್ಕೆ 27. ಕೆಳಗೆ 1,670 ಲೀಟರ್ ಬೇಡಿದ ಕೆಲಸಕ್ಕೆ ಮೇಲೆ 370 ಸಾಕು. 400 ಲೀಟರಿನ ಟ್ಯಾಂಕ್ ತಂದು, 0.6 ಬಾರ್ ಗಾಳಿ ತುಂಬಿ, ಬ್ಲಾಡರಿಗೆ ಬಿಸಿ ಕಡಿಮೆ ತಾಗಲೆಂದು ಮರಳುವ ಪೈಪಿಗೆ ಜೋಡಿಸಿದೆವು.

ಪಂಪಿನದೊಂದು ಎಚ್ಚರ ಬೇಕಾಯಿತು. ಟ್ಯಾಂಕ್ ಸೇರುವ ಜಾಗದಲ್ಲಿ ಪಂಪ್ ಓಡಲಿ, ನಿಲ್ಲಲಿ, ಒತ್ತಡ ಬದಲಾಗುವುದಿಲ್ಲ. ಅಲ್ಲಿಂದ ಮುಂದೆ ಪಂಪ್ ಬಾಯ್ಲರಿನೊಳಕ್ಕೆ ನೀರು ದೂಡುವಂತಿದ್ದರೆ ಅದರ ಒತ್ತಡವೂ ಸೇಫ್ಟಿ ವಾಲ್ವಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಪುಣ್ಯಕ್ಕೆ ಪಂಪ್ ಬಾಯ್ಲರಿನಿಂದ ನೀರು ಎಳೆಯುವ ಕಡೆ ಇತ್ತು.

ಮರುದಿನ ಬಾಯ್ಲರ್ 80 ಡಿಗ್ರಿ ಮುಟ್ಟಿದಾಗ ಗೇಜಿನ ಮುಳ್ಳು 9ರ ಒಳಗೇ ನಿಂತಿತು. ಹೊಸದಾಗಿ ಒಳಬರುವ ಮೇಕಪ್ ನೀರಿನ ಮೀಟರನ್ನು ದಿನಾ ಬರೆದಿಡಿ ಎಂದು ಆಪರೇಟರಿಗೆ ಹೇಳಿದ್ದೆ. ತಿಂಗಳ ಕೊನೆಗೆ ಅವರು ತೋರಿಸಿದ ಪುಸ್ತಕದಲ್ಲಿ ಮೂವತ್ತೂ ಸಾಲುಗಳಲ್ಲಿ ಒಂದೇ ಅಂಕಿ ಇತ್ತು.